ಹಿಂಗಾರಿ ಜೋಳದ ಬೀಜ: ನೆನೆಸುವುದು ಸುಲಭ, ಒಣಗಿಸುವುದು ಕಷ್ಟ

ಉತ್ತರೆ ಮಳೆ ಮುಗಿಯುವ ಹೊತ್ತಿಗೆ ನಮ್ಮ ವಿಜಯಪುರದ ಕಡೆಯ ಎರೆ ಹೊಲಗಳಲ್ಲಿ ಜೋಳದ ಬಿತ್ತನೆ ಶುರುವಾಗುತ್ತದೆ. ಈಚೆಗೆ ಮೂರು ವರ್ಷಗಳಿಂದ ನಮ್ಮ ಓಣಿಯ ಹುಡುಗರು ಬೀಜ ನೆನೆಸಿ ಬಿತ್ತುವುದನ್ನು ಕಲಿತಿದ್ದಾರೆ. ಕಲಿತದ್ದು ಸಂತೋಷವೇ. ಆದರೆ ಅವರು ಕಲಿತದ್ದು ನೆನೆಸುವುದನ್ನು ಮಾತ್ರ, ಒಣಗಿಸುವುದನ್ನಲ್ಲ. ಹೋದ ವರ್ಷ ನನ್ನ ಮೈದುನನ ಮೊಮ್ಮಗ ಮಧ್ಯಾಹ್ನ ಊಟ ಮಾಡಿ ಬೀಜವನ್ನು ಬಕೆಟ್ಟಿಗೆ ಸುರಿದು, ನೀರು ಹಾಕಿ ಪೇಟೆಗೆ ಹೋದವನು, ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ನೋಡಿದ. ಮೇಲೆ ನೊರೆ ಕಟ್ಟಿತ್ತು, ಹುಳಿ ವಾಸನೆ ಬರುತ್ತಿತ್ತು, ಅರ್ಧಕ್ಕರ್ಧ ಕಾಳು ಮೂತಿ ಬಿಟ್ಟಿದ್ದವು. ಅದನ್ನೇ ಬಿಸಿಲಿಗೆ ಹರವಿ ಒಣಗಿಸಿ, ಎರಡು ದಿನ ಬಿಟ್ಟು ಬಿತ್ತಿದ. ಹೊಲದಲ್ಲಿ ಗೇಣಿಗೊಂದು ಸಸಿಯೂ ಏಳಲಿಲ್ಲ. ಆಮೇಲೆ "ಅಜ್ಜಿ, ಬೀಜ ನೆನೆಸೋದು ಸುಳ್ಳು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಆ ಮಾತಿಗಾಗಿ ಇದನ್ನು ಬರೆಯಲು ಕುಳಿತಿದ್ದೇನೆ.

ಮನೆಯಲ್ಲಿ ಮಡಿಕೆ ಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ಹೆಣ್ಣುಮಕ್ಕಳಿಗೆ ಈ ವಿಷಯ ಅರ್ಧ ಗೊತ್ತೇ ಇರುತ್ತದೆ. ಕಾಳು ಮೊದಲ ಕೆಲವು ತಾಸು ನೀರನ್ನು ಗಟಗಟನೆ ಕುಡಿಯುತ್ತದೆ. ಆಮೇಲೆ ಕುಡಿಯುವುದು ನಿಂತಂತೆ ಕಾಣುತ್ತದೆ, ಹೊರಗೆ ಏನೂ ಬದಲಾಗುವುದಿಲ್ಲ, ಆದರೆ ಒಳಗೆ ಜೀವ ಎಚ್ಚೆತ್ತು ಮೊಳಕೆಗೆ ಬೇಕಾದ ತಯಾರಿ ನಡೆಯುತ್ತಿರುತ್ತದೆ. ಅದಾದ ಮೇಲೆಯೇ ಸಿಪ್ಪೆ ಒಡೆದು ಬೇರಿನ ಬಿಳಿ ತುದಿ ಹೊರಬರುತ್ತದೆ. ನಾವು ಬೀಜವನ್ನು ನೀರಿನಿಂದ ತೆಗೆಯಬೇಕಾದದ್ದು ಆ ನಡುವಿನ ಹೊತ್ತಿನಲ್ಲಿ. ಆಗ ತೆಗೆದು ಒಣಗಿಸಿದರೆ ಒಳಗಿನ ತಯಾರಿ ಹಾಗೆಯೇ ಉಳಿಯುತ್ತದೆ. ಮಣ್ಣಿನ ಹಸಿ ತಾಗಿದ ಕೂಡಲೇ ಬೀಜ ಬಿಟ್ಟ ಕೆಲಸವನ್ನು ಅಲ್ಲಿಂದಲೇ ಮುಂದುವರಿಸಿ, ಒಣ ಬೀಜಕ್ಕಿಂತ ಸುಮಾರು ಒಂದು ದಿನ ಮೊದಲೇ ಮೇಲೆ ಬರುತ್ತದೆ. ಹಿಂಗಾರಿನಲ್ಲಿ ಒಂದು ದಿನವೆಂದರೆ ಸಣ್ಣದಲ್ಲ. ಬಿತ್ತಿದ ಮೇಲೆ ಮಳೆಯ ಭರವಸೆ ಇಲ್ಲ, ಎರೆಯ ಮೇಲ್ಪದರ ದಿನದಿನಕ್ಕೂ ಒಣಗುತ್ತ ಹೋಗುತ್ತದೆ, ಬೇರು ಆ ಒಣಗುವಿಕೆಗಿಂತ ಮುಂದೆ ಓಡಿ ಕೆಳಗಿನ ಹಸಿಯನ್ನು ಹಿಡಿಯಬೇಕು. ಬೇಗ ಎದ್ದು ಬಲಿತ ಸಸಿಗೆ ಸುಳಿ ನೊಣದ ಕಾಟವೂ ಕಡಿಮೆ, ಏಕೆಂದರೆ ಆ ನೊಣ ಹುಡುಕುವುದು ಎಳೆಯ ಸಸಿಯನ್ನೇ. ಬೇರು ಹೊರಬಂದ ಬೀಜವನ್ನು ಒಣಗಿಸಿದರೆ ಮಾತ್ರ ಆ ಬೇರು ಸಾಯುತ್ತದೆ, ಆಮೇಲೆ ಅದಕ್ಕೆ ಯಾವ ಉಪಚಾರವೂ ಇಲ್ಲ. ಮೊಮ್ಮಗ ಮಾಡಿದ್ದು ಇದೇ ತಪ್ಪು.

ನೆನೆಸುವ ಮೊದಲು ಬೀಜಕ್ಕೆ ಜೀವ ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಸತ್ತ ಬೀಜವನ್ನು ಯಾವ ನೀರೂ ಎಬ್ಬಿಸುವುದಿಲ್ಲ. ನೂರು ಕಾಳನ್ನು ಒದ್ದೆ ಹತ್ತಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತ ಒಂದು ವಾರ ಇಡಿ. ಎಪ್ಪತ್ತೈದಕ್ಕಿಂತ ಕಡಿಮೆ ಕಾಳು ಸರಿಯಾಗಿ ಮೊಳೆತರೆ ಆ ಬೀಜವನ್ನು ಹಿಟ್ಟಿಗೆ ಹಾಕಿಸಿ, ಬೇರೆ ಬೀಜ ತನ್ನಿ. ಅಂಗಡಿಯಿಂದ ಬಣ್ಣ ಬಳಿದು ಬಂದ ಬೀಜವನ್ನು ನೆನೆಸಲೂ ಬೇಡಿ, ಹಿಟ್ಟಿಗೆ ಹಾಕಿಸಲೂ ಬೇಡಿ. ಅದಕ್ಕೆ ಆಗಲೇ ವಿಷದ ಔಷಧಿ ಹಚ್ಚಿರುತ್ತಾರೆ, ನೆನೆಸಿದರೆ ಅದು ತೊಳೆದುಹೋಗುತ್ತದೆ, ಆ ನೀರನ್ನು ದನ ಕುಡಿದರೆ ಕೆಡುಕು. ನಾನು ಹೇಳುತ್ತಿರುವುದು ಮನೆಯಲ್ಲಿ ತೆನೆ ಆಯ್ದು ಇಟ್ಟ ಮಾಲದಂಡಿಯಂಥ ಬೀಜದ ಮಾತು.

ನಮ್ಮ ಎರಡು ಎಕರೆಗೆ ಎಕರೆಗೆ ಮೂರು ಕಿಲೋದಂತೆ ಆರು ಕಿಲೋ ಬೀಜ ಬೇಕು. ಬೀಜವನ್ನು ಮೊದಲು ತೂಗಿ, ತೂಕವನ್ನು ಗೋಡೆಯ ಮೇಲೆ ಬರೆದಿಡಿ, ಮುಂದೆ ಅದು ಬೇಕಾಗುತ್ತದೆ. ಒಂದೆರಡು ಹಿಡಿ ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದು ಕೈಯಾಡಿಸಿದರೆ ಜೊಳ್ಳು, ಹುಳು ತಿಂದದ್ದು ಎಲ್ಲ ತೇಲಿ ಬರುತ್ತದೆ. ಅದನ್ನು ಬಳಿದು ತೆಗೆದು, ಮುಳುಗಿದ ಬೀಜವನ್ನು ಎರಡು ಬಾರಿ ಒಳ್ಳೆಯ ನೀರಿನಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಮೊಳಕೆಗೆ ಅದೇ ಅಡ್ಡಿ. ಕಾಲು ತಾಸಿನೊಳಗೆ ಈ ಕೆಲಸ ಮುಗಿಯಬೇಕು, ಹರಟೆ ಹೊಡೆಯುತ್ತ ಕೂರಬಾರದು.

ನಮ್ಮ ಅತ್ತೆ ಆಕಳ ಗಂಜಲವನ್ನು ನೀರಿನಲ್ಲಿ ಬೆರೆಸಿ ನೆನೆಸುತ್ತಿದ್ದರು. ನಾನು ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತೇನೆ, ಲೀಟರ್ ನೀರಿಗೆ 20 ಗ್ರಾಂ. ಆರು ಲೀಟರಿಗೆ 120 ಗ್ರಾಂ ಆಯಿತು. ಬೀಜ ಮುಳುಗಿ ಮೇಲೆ ಮೂರು ನಾಲ್ಕು ಬೆರಳು ನೀರು ನಿಲ್ಲಬೇಕು, ಕಾಳು ಉಬ್ಬಿದ ಮೇಲೂ ಹೊರಗೆ ಕಾಣಬಾರದು. ಸಾಲದಿದ್ದರೆ ನೀರಿನ ಜೊತೆಗೆ ಅದೇ ಲೆಕ್ಕದಲ್ಲಿ ಪುಡಿಯನ್ನೂ ಹೆಚ್ಚಿಸಿ. ಈ ಪುಡಿ ಕರಗುವಾಗ ನೀರು ಬಿಸಿಯಾಗುತ್ತದೆ. ಬೆರಳಿಟ್ಟು ನೋಡಿ, ಪೂರ್ತಿ ತಣ್ಣಗಾದ ಮೇಲೆಯೇ ಬೀಜ ಹಾಕಿ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪುಡಿ ಗಾಳಿಯ ತೇವ ಹೀರಿ ನೀರಾಗುತ್ತದೆ. ಒಬ್ಬಳು ಇದೇ ಎಂದು ತಿಳಿದು ಬ್ಲೀಚಿಂಗ್ ಪುಡಿ ತಂದಿದ್ದಳು. ಎರಡೂ ಬೇರೆ ಬೇರೆ, ಬ್ಲೀಚಿಂಗ್ ಪುಡಿ ಬೀಜವನ್ನು ಕೆಡಿಸುತ್ತದೆ. ಸುಣ್ಣವೂ ಇದಕ್ಕೆ ಬದಲಾಗದು. ಕ್ಯಾಲ್ಸಿಯಂ ಕ್ಲೋರೈಡ್ ಸಿಗದಿದ್ದರೆ ಬರಿಯ ನೀರಿನಲ್ಲಿ ನೆನೆಸಿ, ಹೆಚ್ಚಿನ ಲಾಭ ಅದರಿಂದಲೇ ಬರುತ್ತದೆ. ರಾತ್ರಿ ಹತ್ತಕ್ಕೆ ನೆನೆಹಾಕಿ ಬೆಳಿಗ್ಗೆ ಆರಕ್ಕೆ ತೆಗೆದರೆ ಎಂಟು ತಾಸಾಗುತ್ತದೆ. ಜೋಳಕ್ಕೆ ಅದು ಸಾಕು. ಈ ಲೆಕ್ಕವನ್ನು ಎಲ್ಲ ಬೀಜಕ್ಕೂ ಹಚ್ಚಬೇಡಿ. ಸೋಯಾದಂಥ ತೆಳು ಸಿಪ್ಪೆಯ ಬೀಜ ಒಮ್ಮೆಲೇ ನೀರು ಹೀರಿ ಒಳಗೇ ಒಡೆದುಹೋಗುತ್ತದೆ.

ಈಗ ಒಣಗಿಸುವ ಮಾತು. ಬೆಳಿಗ್ಗೆ ನೀರು ಬಸಿದು, ಬಿದಿರಿನ ಬುಟ್ಟಿಯಲ್ಲಿ ಹನಿ ನಿಲ್ಲುವವರೆಗೆ ಇಟ್ಟು, ಪಡಸಾಲೆಯಲ್ಲಿ ಗೋಣಿತಾಟು ಹಾಸಿ ಅದರ ಮೇಲೆ ಹಳೆಯ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿ ಹಾಸುತ್ತೇನೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಎಂದೂ ಹರವಬಾರದು, ಕೆಳಗೆ ಬೆವರು ನಿಂತು ಆ ಕಡೆಯ ಕಾಳು ಮೊಳೆಯುತ್ತದೆ. ಕಾಳಿನ ಮೇಲೆ ಕಾಳು ಬೀಳದಂತೆ ತೆಳ್ಳಗೆ ಹರವಬೇಕು. ಆರು ಕಿಲೋಗೆ ಎರಡು ಸೀರೆ ಬೇಕಾಗುತ್ತವೆ, ಒಂದರಲ್ಲೇ ಮುಗಿಸುತ್ತೇನೆ ಎಂದು ಜಿಪುಣತನ ಮಾಡಬೇಡಿ. ಮಧ್ಯಾಹ್ನದವರೆಗೆ ಗಾಳಿ ಚೆನ್ನಾಗಿ ಆಡಬೇಕು, ಬೀಸುವ ಗಾಳಿ ಇಲ್ಲದ ದಿನ ಫ್ಯಾನ್ ಹಾಕಿ. ಈ ಮೊದಲ ಹೊತ್ತಿನಲ್ಲಿ ಬೀಜ ಒದ್ದೆಯಾಗಿಯೇ ಉಳಿದರೆ ಒಳಗಿನ ಕೆಲಸ ಮುಂದುವರಿದು ಮೂತಿ ಬಿಡುತ್ತದೆ. ಅದಕ್ಕೆ ಹೆದರಿ ಬಿಸಿಲಿಗೆ ಹಾಕಿದರೆ ಎಚ್ಚೆತ್ತ ಜೀವ ಕಾವಿಗೆ ಬೆಂದುಹೋಗುತ್ತದೆ. ನೆರಳು ಮತ್ತು ಗಾಳಿ ಎರಡೂ ಬೇಕು.

ಅರ್ಧ ತಾಸಿಗೊಮ್ಮೆ ಐದೂ ಬೆರಳು ಅಗಲಿಸಿ ಒಂದು ಬಾರಿ ಉದ್ದಕ್ಕೆ, ಮುಂದಿನ ಬಾರಿ ಅಡ್ಡಕ್ಕೆ ಗೆರೆ ಎಳೆಯುತ್ತ ಕೈಯಾಡಿಸುತ್ತೇನೆ. ಹಾಗೆ ಮಾಡಿದರೆ ಕಾಳು ಹೊರಳಿ ಎಲ್ಲ ಮೈಯೂ ಆರುತ್ತದೆ, ಅಂಗೈಗೂ ಸುದ್ದಿ ತಿಳಿಯುತ್ತದೆ. ಮೊದಲು ಕಾಳು ಬೆರಳಿಗೆ ಅಂಟುತ್ತದೆ, ಆಮೇಲೆ ಅಂಟುವುದಿಲ್ಲ ಆದರೆ ತಣ್ಣಗಿರುತ್ತದೆ. ಇಲ್ಲಿಯೇ ಎಲ್ಲರೂ "ಒಣಗಿತು" ಎಂದು ಚೀಲಕ್ಕೆ ತುಂಬಿ ಕೆಡಿಸುತ್ತಾರೆ. ಕೈಗೆ ತಣ್ಣಗೆ ಹತ್ತುವ ಕಾಳಿನಲ್ಲಿ ಇನ್ನೂ ನೀರಿದೆ. ರಾತ್ರಿ ಹಾಗೆಯೇ ಹರವಿಟ್ಟು ಮರುದಿನವೂ ಕೈಯಾಡಿಸಬೇಕು. ಕಾಳನ್ನು ಸ್ಟೀಲ್ ತಾಟಿಗೆ ಮೇಲಿನಿಂದ ಬಿಟ್ಟರೆ ಒದ್ದೆಯದು ಮೆತ್ತಗೆ ಬೀಳುತ್ತದೆ, ಒಣಗಿದ್ದು ಟಣಟಣ ಎನ್ನುತ್ತದೆ. ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಕಟ್ ಎಂದು ಎರಡಾಗಬೇಕು, ಚಪ್ಪಟೆಯಾಗಬಾರದು. ಕಚ್ಚಿದ ಕಾಳನ್ನು ಉಗಿದು ಬಾಯಿ ಮುಕ್ಕಳಿಸಿ. ಕೊನೆಗೆ ತಕ್ಕಡಿ. ನೆನೆದು ಏಳೂವರೆ ಕಿಲೋದ ಹತ್ತಿರ ಹೋದ ಬೀಜ, ಗೋಡೆಯ ಮೇಲೆ ಬರೆದ ಆರು ಕಿಲೋಗೆ ತೇಲಿ ಹೋದ ಜೊಳ್ಳನ್ನು ಕಳೆದು ಇಳಿಯಬೇಕು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ತೂಗದೆ ಚೀಲಕ್ಕೆ ತುಂಬಿಲ್ಲ.

1972ರ ಬರದಲ್ಲಿ ನಾನು ಹೊಸದಾಗಿ ಈ ಮನೆಗೆ ಬಂದವಳು. ಬಿತ್ತುವ ಬೀಜವೇ ಕೈಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇತ್ತು. ಅತ್ತೆ ನನ್ನನ್ನು ಎರಡು ದಿನ ಸೀರೆಯ ಅಂಚಿನಲ್ಲಿ ಕೂರಿಸಿ, ಪ್ರತಿ ಬಾರಿ ಕೈಯಾಡಿಸಿದ ಮೇಲೂ ನನ್ನ ಅಂಗೈ ಹಿಡಿದು, ತೇವ ಇದೆಯೇ ಎಂದು ತಾವೇ ನೋಡುತ್ತಿದ್ದರು. ಆಗ ಸಿಟ್ಟು ಬಂದಿತ್ತು, ಈಗ ಆ ಅಂಗೈಯನ್ನೇ ನಂಬುತ್ತೇನೆ. ಶಾವಿಗೆಗೆಂದು ಗೋಧಿ ತೊಳೆದಾಗಲೂ ಅವರದು ಇದೇ ಕ್ರಮ, ನೆರಳಿನಲ್ಲಿ ಬಟ್ಟೆಯ ಮೇಲೆ. ಈಗಿನ ಸೊಸೆಯಂದಿರು ಗೋಧಿಯನ್ನು ತಾರಸಿಯ ಕಾದ ಸಿಮೆಂಟಿನ ಮೇಲೆ ಹರವಿ, ಕಾಳು ಸೀಳಿದ ಮೇಲೆ ಶಾವಿಗೆ ಎಳೆ ಏಕೆ ತುಂಡಾಗುತ್ತದೆ ಎಂದು ನನ್ನನ್ನೇ ಕೇಳುತ್ತಾರೆ.

ಒಣಗಿದ ಬೀಜಕ್ಕೆ ಕಾಡಿಗೆ ರೋಗ ಬಾರದಂತೆ ಕಿಲೋಗೆ 4 ಗ್ರಾಂ ಗಂಧಕದ ಪುಡಿ ಹಚ್ಚಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಹೊರಳಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೆನೆಸುವ ಮೊದಲೇ ಗಂಧಕ ಹಚ್ಚುವವರನ್ನೂ ನೋಡಿದ್ದೇನೆ, ಅದೆಲ್ಲ ಬಕೆಟ್ಟಿನ ನೀರಿನಲ್ಲೇ ಉಳಿಯುತ್ತದೆ. ಅಜೋಸ್ಪಿರಿಲಂ ಎಂಬ ಜೀವಾಣು ಗೊಬ್ಬರ ಹಚ್ಚುವುದಾದರೆ ಬಿತ್ತುವ ದಿನವೇ, ತಣ್ಣಗಾದ ಬೆಲ್ಲದ ನೀರಿನಲ್ಲಿ ಕಲಸಿ ಎಲ್ಲಕ್ಕಿಂತ ಕೊನೆಗೆ ಹಚ್ಚಿ ನೆರಳಿನಲ್ಲಿ ಆರಿಸಿ. ಬೆಲ್ಲದ ಅಂಟು ಉಳಿದರೆ ಕೂರಿಗೆಯ ಬಟ್ಟಲಿನಲ್ಲಿ ಕಾಳು ಗಂಟು ಕಟ್ಟಿ, ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ಬರಿದಾಗಿ ಬೀಳುತ್ತದೆ.

ಹೀಗೆ ಮೊದಲಿನ ತೂಕಕ್ಕೆ ಒಣಗಿಸಿದ ಬೀಜ ಬಿತ್ತನೆ ಒಂದು ವಾರ ಮುಂದೆ ಹೋದರೂ ಕೆಡುವುದಿಲ್ಲ. ಮುಂದಿನ ವರ್ಷಕ್ಕೆ ಮಾತ್ರ ಇಡಬೇಡಿ, ಒಮ್ಮೆ ಎಚ್ಚೆತ್ತ ಬೀಜ ಹೆಚ್ಚು ದಿನ ಬಾಳುವುದಿಲ್ಲ. ಅಷ್ಟೊಂದು ಒಣಗಿಸಲು ಪುರುಸೊತ್ತಿಲ್ಲದವರು, ಹೊಲದಲ್ಲಿ ಹಸಿ ಚೆನ್ನಾಗಿದ್ದರೆ, ಮೇಲ್ಮೈ ಆರಿಸಿ ಅದೇ ದಿನ ಬಿತ್ತಬಹುದು. ಒಣ ಮಣ್ಣಿಗೆ ಅಂಥ ಬೀಜ ಹಾಕಿದರೆ ಅದರೊಳಗಿನ ನೀರೂ ಮಣ್ಣಿಗೆ ಹೋಗಿ ಅದು ಅಲ್ಲಿಯೇ ಉಳಿಯುತ್ತದೆ. ಯಾವುದಾದರೂ ಸರಿ, ಬೀಜ ಎರಡು ಇಂಚು ಕೆಳಗೆ, ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವಂಥ ಹಸಿ ಮಣ್ಣಿನ ಮೇಲೆ ಕೂರಬೇಕು.

ಒಣಗಿಸಿದ ಬೀಜದಲ್ಲಿ ಒಂದು ಬೊಗಸೆಯಷ್ಟನ್ನು ಬಿತ್ತದೆ ತೆಗೆದಿಡಿ. ಆರನೆಯ ದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಸಾಲುಗುಂಟ ನಡೆದು, ಸಸಿ ತಪ್ಪಿದಲ್ಲಿ ಬೆರಳಿನಿಂದ ಮಣ್ಣು ಕೆದಕಿ ನೋಡಿ. ಹಸಿ ಇನ್ನೂ ಇದ್ದರೆ ಅಲ್ಲಿ ಎರಡೆರಡು ಕಾಳು ಊರಿ, ಕಾಲಿನಿಂದ ಮಣ್ಣು ಒತ್ತಿ ಬನ್ನಿ.