ತೋಟದ ರೈಟರ್ ಕೆಲಸ ಬಿಟ್ಟು ಹೊಸ ಕಸುಬಿಗೆ: ಹಣದ ಲೆಕ್ಕ ಹಾಕುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಹಾಜರಿ, ತೂಕ ಮತ್ತು ಬಟವಾಡೆಯ ಲೆಕ್ಕ ಬರೆಯುವ ರೈಟರ್ ಆಗಿ ದುಡಿಯುವವರು ಕೆಲಸ ಬಿಡುವ ಯೋಚನೆ ಮಾಡಿದಾಗ ಸಾಮಾನ್ಯವಾಗಿ ತಮ್ಮ ತಿಂಗಳ ಸಂಬಳವನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮೊದಲ ಸಾಲಿನಲ್ಲಿಯೇ ತಪ್ಪುತ್ತದೆ. ಏಕೆಂದರೆ ತೋಟ ಕೊಡುವ ಕ್ವಾರ್ಟರ್ಸ್, ವಿದ್ಯುತ್, ಸೌದೆ ಮತ್ತು ಔಷಧೋಪಚಾರ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಕೆಲಸ ಬಿಟ್ಟ ತಿಂಗಳಿನಿಂದ ಅವೆಲ್ಲವನ್ನೂ ಕೈಯಿಂದ ಹಣ ಕೊಟ್ಟು ಪಡೆಯಬೇಕಾಗುತ್ತದೆ.

ಒಂದು ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಿದ್ದಾಪುರದ ಕಡೆಯ ತೋಟವೊಂದರಲ್ಲಿ 11 ವರ್ಷ ರೈಟರ್ ಆಗಿರುವ, 36 ವರ್ಷದ ಬಿ.ಕಾಂ. ಪದವೀಧರರು ಲೆಕ್ಕಪತ್ರ ಮತ್ತು ಜಿ.ಎಸ್.ಟಿ. ಕೆಲಸವನ್ನು ಕಲಿತು ಗೋಣಿಕೊಪ್ಪದಲ್ಲಿ ಸ್ವಂತ ಕಚೇರಿ ತೆರೆಯಬೇಕೆಂದಿದ್ದಾರೆ. ವಾಣಿಜ್ಯ ಪದವಿ ಇರುವವರು ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಜಿ.ಎಸ್.ಟಿ. ಪ್ರಾಕ್ಟೀಷನರ್ ಆಗಿ ವ್ಯಾಪಾರಿಗಳ ಪರವಾಗಿ ರಿಟರ್ನ್ ಸಲ್ಲಿಸಬಹುದು. ಅವರ ಕೈಗೆ ಬರುವ ಸಂಬಳ 23,000 ರೂಪಾಯಿ, ಹೆಂಡತಿಯ ಹೊಲಿಗೆಯಿಂದ ಸರಾಸರಿ 5,000 ರೂಪಾಯಿ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಈ ಲೇಖನದ ಮೊತ್ತಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಓದುಗರು ತಮ್ಮ ಮನೆಯ ಅಂಕಿಗಳನ್ನು ಆ ಜಾಗದಲ್ಲಿ ಬರೆದುಕೊಳ್ಳಬೇಕು.

ಮೊದಲ ಹೆಜ್ಜೆ: ಕಾಣದ ಸಂಬಳವನ್ನು ಬರೆಯುವುದು

ಈಗ ಈ ಮನೆಯ ಖರ್ಚು ತಿಂಗಳಿಗೆ 23,000 ರೂಪಾಯಿ. ಜೂನ್‌ನಲ್ಲಿ ಒಮ್ಮೆಲೇ ಕಟ್ಟುವ ಶಾಲಾ ಶುಲ್ಕ, ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಹಬ್ಬ ಮತ್ತು ಮದುವೆಗಳ ಖರ್ಚು ಇವೆಲ್ಲವನ್ನೂ ಹನ್ನೆರಡು ತಿಂಗಳಿಗೆ ಹಂಚಿ ಸೇರಿಸಿದ ಮೇಲಿನ ಮೊತ್ತ ಇದು. ಹೀಗೆ ಹಂಚದೆ ಯಾವುದೋ ಒಂದು ತಿಂಗಳ ಖರ್ಚನ್ನು ಅಳತೆಗೋಲಾಗಿ ಹಿಡಿದರೆ ಲೆಕ್ಕ ಖಂಡಿತ ಕಡಿಮೆ ಬರುತ್ತದೆ.

ಕ್ವಾರ್ಟರ್ಸ್ ಬಿಟ್ಟ ಮೇಲೆ ಇದಕ್ಕೆ ಗೋಣಿಕೊಪ್ಪದ ಮನೆ ಬಾಡಿಗೆ 5,500, ವಿದ್ಯುತ್ ಮತ್ತು ನೀರು 500, ಸೌದೆಯ ಬದಲಿಗೆ ಗ್ಯಾಸ್ 800, ತಿಂಗಳಿಗೆ ಹಂಚಿದ ಆರೋಗ್ಯ ವಿಮೆಯ ಕಂತು 1,200 ಸೇರುತ್ತವೆ. ಅಂದರೆ 8,000 ರೂಪಾಯಿ ಹೆಚ್ಚಾಗಿ ಖರ್ಚು 31,000ಕ್ಕೆ ಏರುತ್ತದೆ. ಬಿಗಿಹಿಡಿದು ನಡೆಸಿದರೆ ಇದರಲ್ಲಿ 3,000 ಉಳಿಸಬಹುದು. ಆದ್ದರಿಂದ ಮುಂದಿನ ಎಲ್ಲ ಲೆಕ್ಕವೂ 28,000 ರೂಪಾಯಿಯ ಮೇಲೆ ನಿಲ್ಲಬೇಕೇ ಹೊರತು ಇಂದಿನ 23,000ದ ಮೇಲೆ ಅಲ್ಲ.

ಆರೋಗ್ಯ ವಿಮೆಯನ್ನು ಸಂಬಳ ಬರುತ್ತಿರುವಾಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲ 30 ದಿನ ಪರಿಹಾರ ಸಿಗುವುದಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೆ ಕಾಯಬೇಕಾಗಬಹುದು.

ಎರಡನೆಯ ಹೆಜ್ಜೆ: ಹಣವನ್ನು ಮೂರು ಗಂಟಾಗಿ ಕಟ್ಟುವುದು

ಕಲಿಕೆಯ ಹಣ, ಆದಾಯ ಕಡಿಮೆ ಇರುವ ತಿಂಗಳುಗಳನ್ನು ದಾಟಿಸುವ ಹಣ ಮತ್ತು ಆಪತ್ತಿಗೆ ಇಡುವ ಹಣ ಈ ಮೂರನ್ನೂ ಒಂದೇ ಖಾತೆಯಲ್ಲಿ ಬೆರೆಸಿಟ್ಟವರಲ್ಲಿ ಹೆಚ್ಚಿನವರು ಮೊದಲು ಕಳೆದುಕೊಳ್ಳುವುದು ಆಪತ್ತಿನ ಹಣವನ್ನೇ. ಪ್ರತಿ ತಿಂಗಳ ಕೊರತೆ ಅದರಿಂದಲೇ ಸದ್ದಿಲ್ಲದೆ ತುಂಬಿಹೋಗುತ್ತದೆ. ಖಾತೆಯಲ್ಲಿ ಇನ್ನೂ ಹಣವಿದೆ ಎಂಬ ಧೈರ್ಯ ಮಾತ್ರ ಹಾಗೆಯೇ ಉಳಿದಿರುತ್ತದೆ. ತಿಂಗಳ ಕೊರತೆ ಮೊದಲೇ ಗೊತ್ತಿರುವ ಖರ್ಚು, ಅದು ಆಪತ್ತಲ್ಲ.

ಕಲಿಕೆಯ ಗಂಟಿನಲ್ಲಿ ಕೋರ್ಸಿನ ಶುಲ್ಕ ಒಂದು ಸಣ್ಣ ಭಾಗವಷ್ಟೇ. ನಮ್ಮ ಉದಾಹರಣೆಯಲ್ಲಿ ಮೈಸೂರಿನಲ್ಲಿ ನಾಲ್ಕು ತಿಂಗಳ ತರಬೇತಿಗೆ ಶುಲ್ಕ 30,000 ರೂಪಾಯಿ. ಆದರೆ ಅಲ್ಲಿ ಉಳಿದು ಊಟ ಮಾಡಲು 30,000, ವಾರಕ್ಕೊಮ್ಮೆ ಮನೆಗೆ ಬಂದುಹೋಗಲು 5,000, ಕಂಪ್ಯೂಟರಿಗೆ 38,000, ಲೆಕ್ಕಪತ್ರದ ಸಾಫ್ಟ್‌ವೇರ್ ಪರವಾನಗಿಗೆ 25,000, ಪರೀಕ್ಷೆ ಮತ್ತು ಪುಸ್ತಕಕ್ಕೆ 7,000 ಸೇರಿದಾಗ ಒಟ್ಟು 1,35,000 ಆಗುತ್ತದೆ. ಸಂಸ್ಥೆಯವರು ಹೇಳುವುದು ಮೊದಲಿನ ಮೊತ್ತವನ್ನು ಮಾತ್ರ. ಉಳಿದದ್ದನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ.

ದಾಟಿಸುವ ಗಂಟನ್ನು ಹಂತಹಂತವಾಗಿ ಲೆಕ್ಕ ಹಾಕಬೇಕು. ತರಬೇತಿಯ ನಾಲ್ಕು ತಿಂಗಳು ಮನೆಗೆ ಬರುವುದು ಹೊಲಿಗೆಯ ಹಣ ಮಾತ್ರ. ಹೊಸ ಊರಿನಲ್ಲಿ, ಅದೂ ಮಳೆಗಾಲದಲ್ಲಿ, ಗಿರಾಕಿಗಳು ಕಡಿಮೆಯಾಗುವುದರಿಂದ ಅದನ್ನು 4,000 ಎಂದೇ ಹಿಡಿಯೋಣ. ಕೊರತೆ ತಿಂಗಳಿಗೆ 24,000ದಂತೆ 96,000. ಬಳಿಕ ಆರು ತಿಂಗಳು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ 10,000 ಸಂಬಳಕ್ಕೆ ಕೆಲಸ ಕಲಿತರೆ ತಿಂಗಳಿಗೆ 14,000ದಂತೆ 84,000 ಕೊರತೆ. ಸ್ವಂತ ಕಚೇರಿಯ ಮೊದಲ ನಾಲ್ಕು ತಿಂಗಳು ಹಳೆಯ ಕಚೇರಿಯಲ್ಲಿ ಅರ್ಧ ದಿನದ ಕೆಲಸವೂ ಸೇರಿ 18,000 ಬಂದರೆ ಕೊರತೆ 24,000. ಒಟ್ಟು 2,04,000.

ಇಷ್ಟಕ್ಕೆ ನಿಲ್ಲಿಸಬಾರದು. ಪರೀಕ್ಷೆ ಒಮ್ಮೆ ಕೈತಪ್ಪಬಹುದು, ಸ್ವಂತ ಗಿರಾಕಿಗಳು ತಡವಾಗಿ ಬರಬಹುದು. ಕಡಿಮೆ ಆದಾಯದ ಅವಧಿ ಮೂರು ತಿಂಗಳು ಹೆಚ್ಚು ಎಳೆಯುತ್ತದೆ ಎಂದು 42,000 ಸೇರಿಸಿ, ಈ ಗಂಟನ್ನು 2,46,000 ಎಂದು ಬರೆಯಬೇಕು. ಮೂರನೆಯದಾದ ಆಪತ್ತಿನ ಗಂಟಿಗೆ ನಾಲ್ಕು ತಿಂಗಳ ಖರ್ಚು, ಅಂದರೆ 1,12,000 ರೂಪಾಯಿ ಇರಲಿ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ ಆರು ತಿಂಗಳ ಖರ್ಚಿಗಿಂತ ಕಡಿಮೆ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆ ಮನೆಯ ಮುಂಗಡ ಮತ್ತು ಸಾಮಾನು ಸಾಗಿಸುವ ಖರ್ಚು 46,000 ಸೇರಿದರೆ ಬೇಕಾದ ಒಟ್ಟು ಹಣ 5,39,000 ರೂಪಾಯಿ.

ಮೂರನೆಯ ಹೆಜ್ಜೆ: ಕೈಗೆ ಏನು ಬರುತ್ತದೆ, ಯಾವಾಗ ಬರುತ್ತದೆ

ಐದು ವರ್ಷ ಸತತ ಸೇವೆ ಮುಗಿಸಿದ ಕಾಯಂ ನೌಕರರಿಗೆ ಗ್ರಾಚ್ಯುಟಿ ಸಲ್ಲುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಇವರ ಮೂಲ ವೇತನ ಮತ್ತು ತುಟ್ಟಿಭತ್ಯೆ 18,000 ಆಗಿದ್ದರೆ 11 ವರ್ಷಕ್ಕೆ ಸುಮಾರು 1,14,000 ಬರುತ್ತದೆ. ಇದನ್ನು 30 ದಿನಗಳೊಳಗೆ ಕೊಡಬೇಕೆಂಬ ನಿಯಮವಿದೆ. ಆದರೂ ಅರ್ಜಿ ಮತ್ತು ಸೇವಾ ದಾಖಲೆಯಲ್ಲಿ ಹೊಂದಾಣಿಕೆ ಇಲ್ಲದಿದ್ದರೆ ತಡವಾಗುವುದರಿಂದ, ಮೊದಲ ಎರಡು ತಿಂಗಳ ಖರ್ಚನ್ನು ಈ ಹಣದ ಮೇಲೆ ಹಾಕಬಾರದು. ಇದಕ್ಕೆ ಬ್ಯಾಂಕ್ ಠೇವಣಿ 1,60,000 ಮತ್ತು ಬೋನಸ್ 20,000 ಸೇರಿಸಿದರೆ 2,94,000 ಆಗುತ್ತದೆ. ಕೊರತೆ 2,45,000.

ಈ ಹಂತದಲ್ಲಿ ಎಲ್ಲರ ಕಣ್ಣು ಭವಿಷ್ಯನಿಧಿಯ ಮೇಲೆ ಬೀಳುತ್ತದೆ. ಅದನ್ನು ಮುಟ್ಟದಿರುವುದೇ ಒಳ್ಳೆಯದು. ಸ್ವಂತ ಕಸುಬಿಗೆ ಇಳಿದ ಮೇಲೆ ಮಾಲೀಕರ ಪಾಲಿನ ವಂತಿಗೆ ನಿಂತುಹೋಗುವುದರಿಂದ ಮುಪ್ಪಿಗೆ ಉಳಿಯುವುದು ಈಗ ಅಲ್ಲಿರುವ ಹಣವೇ. ತೆಗೆಯದಿದ್ದರೆ ಅದಕ್ಕೆ ಬಡ್ಡಿಯೂ ಸೇರುತ್ತಿರುತ್ತದೆ. ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ತುಂಬಿದವರಿಗೆ 58 ವರ್ಷದ ಬಳಿಕ ತಿಂಗಳ ಪಿಂಚಣಿಯ ಹಕ್ಕಿದೆ. ಒಂಬತ್ತನೆಯ ವರ್ಷದಲ್ಲಿ ಇರುವವರು ಹತ್ತು ತುಂಬುವವರೆಗೆ ಕಾದು ಹೊರಡುವುದು ಲೇಸು.

ನಾಲ್ಕನೆಯ ಹೆಜ್ಜೆ: ಯೋಜನೆಯನ್ನು ಕಾಫಿಯ ಕ್ಯಾಲೆಂಡರಿಗೆ ಹೊಂದಿಸುವುದು

ಕೊರತೆಯನ್ನು ಸಾಲದಿಂದ ತುಂಬುವ ಬದಲು ಹೊರಡುವ ದಿನವನ್ನು ಒಂದು ವರ್ಷ ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂದು ನೋಡೋಣ. ಅರೇಬಿಕಾ ಕೊಯ್ಲು ಆರಂಭವಾಗುವ ನವೆಂಬರಿನಿಂದ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಹಣ್ಣಿನ ತೂಕ, ಹಾಜರಿ, ಬಟವಾಡೆ ಎಂದು ರೈಟರಿಗೆ ಭಾನುವಾರವೂ ಬಿಡುವಿರುವುದಿಲ್ಲ. ಆದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭಾನುವಾರದ ತರಗತಿಗೆ ಹೋಗಬಹುದು. ಹೀಗೆ ಕೆಲಸದಲ್ಲಿದ್ದುಕೊಂಡೇ ಕಲಿತರೆ ತರಬೇತಿ ಕಾಲದ 96,000ದ ಕೊರತೆಯೂ ಮೈಸೂರಿನಲ್ಲಿ ಉಳಿಯುವ 30,000ವೂ ತಪ್ಪುತ್ತವೆ. ಬೇಕಾದ ಹಣ 4,13,000ಕ್ಕೆ ಇಳಿಯುತ್ತದೆ.

ಅದೇ ವರ್ಷದಲ್ಲಿ ತಿಂಗಳಿಗೆ 5,000ದಂತೆ 60,000 ಉಳಿತಾಯ, ಇನ್ನೊಂದು ಬೋನಸ್ 20,000, ಒಂದು ವರ್ಷದ ಹೆಚ್ಚುವರಿ ಗ್ರಾಚ್ಯುಟಿ ಸುಮಾರು 10,000 ಸೇರಿ ಕೈಯಲ್ಲಿರುವುದು 3,84,000ಕ್ಕೆ ಏರುತ್ತದೆ. ಇನ್ನೂ 29,000 ಕಡಿಮೆ. ಆದರೆ ಈ ಮನೆಯ ಖರ್ಚಿನಲ್ಲಿ ಸಹಕಾರ ಸಂಘದ ಸಾಲದ ಕಂತು 2,500 ಇದ್ದು, ಅದು ಆ ವರ್ಷ ಮುಗಿಯುತ್ತದೆ. ಆಗ ತಿಂಗಳ ಖರ್ಚು 25,500 ಆಗಿ, ಹದಿಮೂರು ತಿಂಗಳ ಕೊರತೆಯೂ ಆಪತ್ತಿನ ಗಂಟೂ ಸೇರಿ 42,500 ಕಡಿಮೆ ಸಾಕಾಗುತ್ತದೆ. ಲೆಕ್ಕ ಸರಿಹೊಂದಿ 13,500 ಮಿಗುತ್ತದೆ. ಕಂತು ಬಾಕಿ ಇರುವಾಗಲೇ ಹೊರಟಿದ್ದರೆ ಇದು ಸಾಧ್ಯವಿರಲಿಲ್ಲ.

ಹೊರಡಲು ತಕ್ಕ ಸಮಯ ಕೊಯ್ಲಿನ ಲೆಕ್ಕ ಒಪ್ಪಿಸಿದ ಬಳಿಕದ ಏಪ್ರಿಲ್. ಮಳೆ ಹಿಡಿಯುವ ಮುನ್ನ ಮನೆ ಬದಲಿಸಬಹುದು, ಮಕ್ಕಳೂ ಹೊಸ ಶಾಲಾ ವರ್ಷವನ್ನು ಹೊಸ ಊರಿನಲ್ಲಿಯೇ ಆರಂಭಿಸಬಹುದು.

ಐದನೆಯ ಹೆಜ್ಜೆ: ಹಣವನ್ನು ಎಲ್ಲಿ ಇಡುವುದು

ಆಪತ್ತಿನ ಗಂಟು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಅಥವಾ ಯಾವಾಗ ಬೇಕಾದರೂ ಮುರಿಸಬಹುದಾದ ಠೇವಣಿಯಲ್ಲಿ ಇರಬೇಕು. ಬ್ಯಾಂಕುಗಳಲ್ಲಿ, ವಿಮಾ ವ್ಯಾಪ್ತಿಗೆ ಬರುವ ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ನಮ್ಮ ಊರುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲ. ಸಂಘದ ಮೇಲೆ ನಂಬಿಕೆ ಇದ್ದರೂ ಇಡೀ ಗಂಟನ್ನು ಅಲ್ಲಿ ಇಡುವುದು ಸರಿಯಲ್ಲ.

ದಾಟಿಸುವ ಗಂಟನ್ನು ತಿಂಗಳಿಗೊಂದರಂತೆ ಅವಧಿ ಮುಗಿಯುವ ಸಣ್ಣ ಠೇವಣಿಗಳಾಗಿ ಒಡೆದಿಡುವ ಕ್ರಮ ಬಹಳ ಉಪಯುಕ್ತ. ಪ್ರತಿ ತಿಂಗಳ ಒಂದನೇ ತಾರೀಖು ಒಂದು ಠೇವಣಿಯ ಹಣ ಖಾತೆಗೆ ಬರುತ್ತದೆ. ಆ ತಿಂಗಳಿಗೆ ಅಷ್ಟೇ. ಗ್ರಾಚ್ಯುಟಿ ಬಂದ ಸುದ್ದಿ ತಿಳಿದು ಕೈಸಾಲ ಕೇಳುವ ಬಂಧುಗಳಿಗೆ, ಹಣ ಠೇವಣಿಯಲ್ಲಿದೆ ಎಂದು ಸತ್ಯವನ್ನೇ ಹೇಳಲೂ ಇದರಿಂದ ಸಾಧ್ಯವಾಗುತ್ತದೆ.

ತಪ್ಪುತ್ತಿರುವುದು ಗೊತ್ತಾಗುವುದು ಹೇಗೆ

ಮುಂದಿನ ತಿಂಗಳ ಠೇವಣಿಯನ್ನು ಅವಧಿಗೆ ಮುನ್ನ ಮುರಿಸಬೇಕಾಗಿ ಬಂದರೆ ಅದು ಮೊದಲ ಎಚ್ಚರಿಕೆ. ಸತತ ಎರಡು ತಿಂಗಳು ಹಾಗಾದರೆ ಖರ್ಚಿನ ಅಂದಾಜೇ ತಪ್ಪಾಗಿದೆ ಎಂದು ತಿಳಿದು ಲೆಕ್ಕವನ್ನು ಮತ್ತೆ ಬರೆಯಬೇಕು. ಎರಡನೆಯ ಎಚ್ಚರಿಕೆ ಗಿರಾಕಿಗಳದ್ದು. ತಿಂಗಳ ರಿಟರ್ನ್ ಸಲ್ಲಿಸುವ ಅಂಗಡಿಗಳು ತಿಂಗಳು ತಿಂಗಳು ಹಣ ಕೊಡುತ್ತವೆ. ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಲೆಕ್ಕ ಬರೆಸುವ ಬೆಳೆಗಾರರು ಕಾಫಿ, ಕರಿಮೆಣಸು ಮಾರಿದ ಮೇಲೆ ಕೊಡುವುದೇ ಹೆಚ್ಚು. ಹೀಗಾಗಿ ಗಿರಾಕಿಗಳ ಒಟ್ಟು ಸಂಖ್ಯೆಯನ್ನು ನೋಡದೆ, ತಿಂಗಳು ತಿಂಗಳು ಹಣ ಕೊಡುವವರು ಎಷ್ಟು ಮಂದಿ ಎಂದು ಎಣಿಸಬೇಕು. ತಲಾ 800 ರೂಪಾಯಿ ಕೊಡುವ ಹತ್ತು ಅಂಗಡಿಗಳಿಂದ ತಿಂಗಳಿಗೆ 8,000 ನಿಶ್ಚಿತವಾಗಿ ಬರುತ್ತದೆ. ಅದಕ್ಕಿಂತ ಕಡಿಮೆ ಇರುವಾಗ ಕಲಿಕೆಯ ಕಚೇರಿಯ ಕೆಲಸವನ್ನು ಬಿಡಬಾರದು.

ಹಿಂದಿರುಗುವ ದಾರಿಯನ್ನೂ ಹೊರಡುವ ಮೊದಲೇ ದಿನಾಂಕ ಹಾಕಿ ಬರೆದಿಡಬೇಕು. ಅಕ್ಟೋಬರ್ ಕೊನೆಗೆ ದಾಟಿಸುವ ಗಂಟಿನಲ್ಲಿ ಮೂರು ತಿಂಗಳ ಹಣಕ್ಕಿಂತ ಕಡಿಮೆ ಉಳಿದಿದ್ದರೆ, ಆಪತ್ತಿನ ಗಂಟಿಗೆ ಕೈ ಹಾಕುವ ಮೊದಲು ತೋಟಗಳಲ್ಲಿ ಕೊಯ್ಲಿನ ಕಾಲದ ಲೆಕ್ಕ ಬರೆಯುವ ಕೆಲಸ ಕೇಳಬೇಕು. ಕೊಯ್ಲಿಗೆ ಜನ ಬೇಕಾಗುವ ಹೊತ್ತು ಅದು, ತೂಕ ಮತ್ತು ಬಟವಾಡೆಯ ಅನುಭವವೂ ಕೈಯಲ್ಲಿರುತ್ತದೆ. ಈ ಕಾರಣಕ್ಕಾಗಿಯೇ ರಾಜೀನಾಮೆ ಕೊಡುವಾಗ ಹಾಜರಿ ಪುಸ್ತಕ, ಗೋದಾಮಿನ ದಾಸ್ತಾನು ಮತ್ತು ಮುಂಗಡದ ಲೆಕ್ಕವನ್ನು ಒಪ್ಪಿಸಿ, ಸೇವಾ ಪ್ರಮಾಣಪತ್ರವನ್ನು ಕೈಯಲ್ಲಿ ಪಡೆದ ಮೇಲೆಯೇ ಕ್ವಾರ್ಟರ್ಸಿನ ಬೀಗದ ಕೈ ಹಿಂದಿರುಗಿಸಬೇಕು.