ಡಿಗ್ರಿ ಇಲ್ಲ, ಸರ್ಟಿಫಿಕೇಟ್ ಇದೆ: ಪರಿಚಯದಲ್ಲಿ ಏನಂತ ಬರೆಯುವುದು?

ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಆರು ವರ್ಷ ಲೆಕ್ಕ ಬರೆದವರೊಬ್ಬರು ಈಗ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಪಿಯುಸಿ ಆಗಿದೆ, ಬಿಕಾಂ ಎರಡನೇ ವರ್ಷಕ್ಕೇ ನಿಂತಿದೆ. ಕೈಯಲ್ಲಿ ಹನ್ನೊಂದು ಆನ್‌ಲೈನ್ ಸರ್ಟಿಫಿಕೇಟ್ ಇವೆ. ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡದ್ದು: "ಐಐಟಿ ಮದ್ರಾಸ್‌ನಲ್ಲಿ ತರಬೇತಿ ಪಡೆದ ಡೇಟಾ ಅನಲಿಸ್ಟ್."

ಇದನ್ನು ಓದಿದವರು ಚೆನ್ನೈ ಕ್ಯಾಂಪಸ್ಸನ್ನೇ ನೆನೆಸಿಕೊಳ್ಳುತ್ತಾರೆ, ಅಲ್ವಾ? ಇವರು ಮಾಡಿದ್ದು ಐಐಟಿಗಳೆಲ್ಲ ಸೇರಿ ಆನ್‌ಲೈನ್‌ನಲ್ಲಿ ಪಾಠ ನಡೆಸುವ ಎನ್‌ಪಿಟಿಇಎಲ್‌ನ 12 ವಾರದ ಒಂದು ಕೋರ್ಸ್. ಇಂಟರ್‌ವ್ಯೂನಲ್ಲಿ ಎರಡೇ ಪ್ರಶ್ನೆಗೆ ಅದು ಬಯಲಾಗುತ್ತದೆ.

ಮೊದಲು ಹನ್ನೊಂದನ್ನೂ ಮುಂದಿಟ್ಟುಕೊಂಡು, ಪ್ರತಿಯೊಂದಕ್ಕೂ "ಇದಕ್ಕೆ ನನ್ನನ್ನು ಯಾರಾದರೂ ಪರೀಕ್ಷೆ ಮಾಡಿದರಾ?" ಎಂದು ಕೇಳಿಕೊಳ್ಳಿ. ಎನ್‌ಪಿಟಿಇಎಲ್‌ನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25, ಪರೀಕ್ಷಾ ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75 ಅಂಕ. ಅದನ್ನು ಅಂಕದ ಸಮೇತ ಹಾಕಿ. ಯುಡೆಮಿಯಂಥ ಕಡೆ ವಿಡಿಯೊಗಳನ್ನೆಲ್ಲ ಮುಗಿಸಿದರೆ ಸರ್ಟಿಫಿಕೇಟ್ ಬರುತ್ತದೆ. ಅದು ನೋಡಿದ್ದಕ್ಕೆ ಸಾಕ್ಷಿ, ಆ ವಿಷಯ ನಿಮಗೆ ಬರುತ್ತದೆ ಅನ್ನುವುದಕ್ಕಲ್ಲ. ನನ್ನ ಕೇಳಿದರೆ ಎರಡು ಉಳಿಸಿ, ಒಂಬತ್ತು ತೆಗೆದುಬಿಡಿ. ಜಾಸ್ತಿ ಇದ್ದಷ್ಟೂ ಒಳ್ಳೆಯ ಸರ್ಟಿಫಿಕೇಟೇ ಅದರಲ್ಲಿ ಮುಚ್ಚಿಹೋಗುತ್ತದೆ.

ಉಳಿದವನ್ನು `Licenses & certifications` ವಿಭಾಗದಲ್ಲಿ ಹಾಕಿ, `Education` ಅಡಿಯಲ್ಲಿ ಬೇಡ. ಅಲ್ಲಿ ಪಿಯುಸಿ ಇರಲಿ, ಕೆಳಗೆ "ಬಿಕಾಂ, ಎರಡು ವರ್ಷ ಓದಿದ್ದೇನೆ, ಮುಗಿಸಿಲ್ಲ" ಎಂದಿರಲಿ. ಸುಮ್ನೆ "ಬಿಕಾಂ" ಎಂದು ಬಿಟ್ಟರೆ, ಕೆಲಸ ಸಿಕ್ಕ ಮೇಲೆ ಮಾರ್ಕ್ಸ್ ಕಾರ್ಡ್ ಕೇಳಿದಾಗ ಸಿಕ್ಕಿಬೀಳುತ್ತೀರಿ. `Credential URL` ಜಾಗದಲ್ಲಿ ಸರ್ಟಿಫಿಕೇಟಿನ ಲಿಂಕ್ ಕೊಟ್ಟು, ಲಾಗಿನ್ ಆಗದ ಬ್ರೌಸರ್‌ನಲ್ಲಿ ತೆರೆದು ನೋಡಿ. ಎಷ್ಟೋ ಸಲ ಅದು ನಿಮಗೆ ಮಾತ್ರ ತೆರೆಯುತ್ತದೆ!

ಕಷ್ಟವಿರುವುದು ಸ್ವಂತವಾಗಿ ಕಲಿತದ್ದರಲ್ಲಿ. "ಎಸ್‌ಕ್ಯೂಎಲ್ ಗೊತ್ತು" ಅಂದರೆ ಎಷ್ಟು ಗೊತ್ತು? ಅದರ ಬದಲು ಮಾಡಿದ ಕೆಲಸ ಹೇಳಿ. ನಮ್ಮ ಲೆಕ್ಕದವರು ಅಂಗಡಿಯ ಎರಡು ವರ್ಷದ ಬಿಲ್‌ಗಳನ್ನು ಜೋಡಿಸಿ, ಯಾವ ಸೀರೆ ಯಾವ ತಿಂಗಳು ಮಾರಾಟವಾಗದೆ ಉಳಿಯುತ್ತದೆ ಅಂತ ಹುಡುಕಿದ್ದರು. ಒಂದೇ ಸೀರೆಗೆ ಬಿಲ್‌ನಲ್ಲಿ ನಾಲ್ಕು ಥರದ ಹೆಸರಿತ್ತು, ಅದನ್ನು ಸರಿಮಾಡುವುದಕ್ಕೇ ಮೂರು ವಾರ ಹಿಡಿಯಿತು. ಆ ಮೂರು ವಾರವನ್ನು ಖಂಡಿತ ಬರೆಯಿರಿ, ಏಕೆಂದರೆ ಮಾಡದವರಿಗೆ ಅದು ಗೊತ್ತಿರುವುದಿಲ್ಲ. ಮಾಲೀಕರ ಒಪ್ಪಿಗೆ ಕೇಳಿ, ಗಿರಾಕಿಗಳ ಹೆಸರು, ಫೋನ್ ನಂಬರ್ ತೆಗೆದ ಮೇಲಷ್ಟೇ ಫೈಲನ್ನು ಹೊರಗೆ ಹಾಕಿ.

ಈಗ ಪರಿಚಯ ಹೀಗಾಗುತ್ತದೆ:

"ಆರು ವರ್ಷ ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡಿದ್ದೇನೆ. ಎಸ್‌ಕ್ಯೂಎಲ್ ಸ್ವಂತವಾಗಿ ಕಲಿತು, ಅಂಗಡಿಯ ಎರಡು ವರ್ಷದ ಬಿಲ್‌ಗಳಿಂದ ಉಳಿಕೆ ಮಾಲಿನ ವರದಿ ಮಾಡಿದ್ದೇನೆ, ಲಿಂಕ್ ಕೆಳಗಿದೆ. ಎನ್‌ಪಿಟಿಇಎಲ್‌ನಲ್ಲಿ 12 ವಾರದ ಡೇಟಾ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾಗಿದ್ದೇನೆ. ಡಿಗ್ರಿ ಇಲ್ಲ. ಡೇಟಾ ಅನಲಿಸ್ಟ್ ಆಗಿ ಇದು ನನ್ನ ಮೊದಲ ಕೆಲಸವಾಗಲಿದೆ."

"ಡಿಗ್ರಿ ಇಲ್ಲ" ಅನ್ನುವುದನ್ನು ಮೊದಲ ಸಾಲಿಗೆ ತರಬೇಡಿ, ಅದಕ್ಕೆ ಕಾರಣವನ್ನೂ ಬರೆಯಬೇಡಿ. ಕೇಳಿದರೆ ಇಂಟರ್‌ವ್ಯೂನಲ್ಲಿ ಹೇಳಿದರಾಯಿತು.