ಬೆಲೆ ವೇರಿಯನ್ಸ್ ಖರೀದಿಯಲ್ಲೇ ತೆಗೆದೆ: ನನ್ನ ಅನುಭವ

ತುಮಕೂರಿನ ವಸಂತನರಸಾಪುರದಲ್ಲಿ ಒಂದು ಸಣ್ಣ ಶೀಟ್ ಮೆಟಲ್ ಯೂನಿಟ್‌ನ ಲೆಕ್ಕ ನೋಡುತ್ತೇನೆ. ಶೀಟ್ ತಂದು ಬ್ರಾಕೆಟ್ ಒತ್ತಿ ಕೊಡುವ ಕೆಲಸ. ಸ್ಟಾಂಡರ್ಡ್ ಕಾಸ್ಟ್, ಅಂದರೆ ಮುಂಚೆಯೇ ಗೊತ್ತುಮಾಡಿಟ್ಟ ರೇಟು, ಮೊದಲಿನಿಂದಲೂ ಇತ್ತು, ಆದರೆ ಅದಕ್ಕೂ ನಿಜವಾಗಿ ಕೊಟ್ಟ ರೇಟಿಗೂ ಇರುವ ವ್ಯತ್ಯಾಸವಾದ ಬೆಲೆ ವೇರಿಯನ್ಸನ್ನು ಮಾಲು ಸ್ಟೋರ್ಸ್‌ನಿಂದ ಕೆಲಸಕ್ಕೆ ಇಶ್ಯೂ ಆದಾಗ ತೆಗೆಯುತ್ತಿದ್ದೆವು. ಖರೀದಿಯಲ್ಲೇ ತೆಗೆಯೋಣ ಅಂದಾಗ ನಮ್ಮ ಆಡಿಟರು, "ಇನ್ನೂ ಬಳಸದ ಮಾಲಿನ ನಷ್ಟ ಈಗಲೇ ಯಾಕ್ರೀ ಬರೀತೀರಿ?" ಅಂದರು. ಓನರ್ ಕೂಡ ಬೇಡ ಅಂದರು. ಈಗ ಒಂದು ವರ್ಷದ ಲೆಕ್ಕ ಇದೇ ರೀತಿ ಮುಗಿದಿದೆ, ಅದೇ ಆಡಿಟರು ಸಹಿ ಹಾಕಿದ್ದಾರೆ.

ಹಳೇ ಪದ್ಧತಿಯಲ್ಲಿ ಒಂದೇ ಶೀಟಿಗೆ ಸ್ಟೋರ್ಸ್ ಲೆಡ್ಜರಿನಲ್ಲಿ ನಾಲ್ಕು ರೇಟು ಇರುತ್ತಿತ್ತು. ಇಶ್ಯೂ ಸ್ಲಿಪ್ ಬಂದಾಗಲೆಲ್ಲ ಇದು ಯಾವ ಲಾಟು ಅಂತ ಹುಡುಕಬೇಕು. ಸೆಪ್ಟೆಂಬರ್‌ನಲ್ಲಿ ದುಬಾರಿಗೆ ತಂದದ್ದು ಡಿಸೆಂಬರ್‌ನಲ್ಲಿ ಕಾಣುತ್ತಿತ್ತು, ಆಗ ಪರ್ಚೇಸ್‌ನವರನ್ನು ಕೇಳಿ ಏನು ಪ್ರಯೋಜನ?

ಮೊದಲ ತಿಂಗಳೇ ಎರಡು ಕಡೆ ಎಡವಿದೆ. ನಮ್ಮ ಸ್ಟಾಂಡರ್ಡ್ ಕೆಜಿಗೆ 70 ರೂಪಾಯಿ, ಅದರಲ್ಲಿ 2 ರೂಪಾಯಿ ಲಾರಿ ಬಾಡಿಗೆ. ಸುಮಾರು 5,000 ಕೆಜಿ ಬಂತು, ಬಿಲ್ ರೇಟ್ 69. ಸರಿಯಾದ ಎಂಟ್ರಿ ಹೀಗೆ:

ಕಚ್ಚಾಮಾಲು ಡೆಬಿಟ್ 3,50,000
ಇನ್‌ಪುಟ್ ಜಿಎಸ್‌ಟಿ ಡೆಬಿಟ್ 62,100
ಪಾರ್ಟಿ ಕ್ರೆಡಿಟ್ 4,07,100
ಬೆಲೆ ವೇರಿಯನ್ಸ್ ಕ್ರೆಡಿಟ್ 5,000

ಜಿಎಸ್‌ಟಿ 18 ಪರ್ಸೆಂಟ್ ಬಿಲ್ಲಿನ 3,45,000ದ ಮೇಲೆ ಲೆಕ್ಕ ಹಾಕಬೇಕು. ನಾನು ಅವಸರದಲ್ಲಿ ಸ್ಟಾಂಡರ್ಡ್ ಮೊತ್ತದ ಮೇಲೆ ಹಾಕಿದ್ದೆ. ಪಾರ್ಟಿ ಹಾಕಿದ ಬಿಲ್ ಪ್ರಕಾರ ಪೋರ್ಟಲ್ ತೋರಿಸುವ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವಾಗ ನಮ್ಮ ಲೆಕ್ಕ 900 ರೂಪಾಯಿ ಜಾಸ್ತಿ ತೋರಿಸಿತು, ಅಲ್ಲೇ ಸಿಕ್ಕಿಬಿತ್ತು.

ಎರಡನೇ ತಪ್ಪು ದೊಡ್ಡದು. 5,000 ಉಳಿತಾಯ ಅಂತ ತೋರಿಸಿದ್ದೇ ತಡ, ಓನರ್ ಖುಷಿಯಾಗಿ ಪರ್ಚೇಸ್ ಹುಡುಗನಿಗೆ 1,000 ಕೊಟ್ಟರು. ಒಂದು ವಾರ ಕಳೆದು ಲಾರಿಯವರ 10,000ದ ಬಿಲ್ ಬಂತು. ಅಭ್ಯಾಸಬಲದಿಂದ ಅದನ್ನು ಸಾಗಣೆ ಖರ್ಚಿಗೆ ಬರೆದೆ. ಆದರೆ 70ರೊಳಗೆ ಬಾಡಿಗೆ ಸೇರಿದೆ ಅಲ್ವಾ? ಸ್ಟಾಂಡರ್ಡ್‌ನಲ್ಲಿ ಬಾಡಿಗೆ ಇದ್ದರೆ ಬಾಡಿಗೆ ಬಿಲ್ಲೂ ವೇರಿಯನ್ಸಿಗೇ ಹೋಗಬೇಕು: ಬೆಲೆ ವೇರಿಯನ್ಸ್ ಡೆಬಿಟ್ 10,000, ಲಾರಿಯವರು ಕ್ರೆಡಿಟ್ 10,000. ಆಗ ಕೆಜಿಗೆ ಬಿದ್ದದ್ದು 71, ಅಂದರೆ 5,000 ನಷ್ಟ. ಕೊಟ್ಟ 1,000 ವಾಪಸ್ ಕೇಳುವುದಕ್ಕೆ ಆಗಲಿಲ್ಲ. ಅಂದಿನಿಂದ ಬಾಡಿಗೆ ಬಿಲ್ ಬಾರದೆ ವೇರಿಯನ್ಸ್ ರಿಪೋರ್ಟ್ ಹೊರಗೆ ಬಿಡುವುದಿಲ್ಲ.

ಇಶ್ಯೂ ಈಗ ಬಹಳ ಹಗುರ. 6,000 ಬ್ರಾಕೆಟ್, ತಲಾ ಅರ್ಧ ಕೆಜಿ, ಬೇಕಾದದ್ದು 3,000 ಕೆಜಿ. ಕೊಟ್ಟದ್ದು 3,200. ವರ್ಕ್ ಇನ್ ಪ್ರೋಗ್ರೆಸ್‌ಗೆ 2,10,000 ಡೆಬಿಟ್, ಬಳಕೆ ವೇರಿಯನ್ಸಿಗೆ 14,000 ಡೆಬಿಟ್, ಕಚ್ಚಾಮಾಲಿಗೆ 2,24,000 ಕ್ರೆಡಿಟ್. ಎಲ್ಲದಕ್ಕೂ ಒಂದೇ 70. ಪ್ರೆಸ್ ಶಾಪಿನವರ ಕೈಗೆ ಹೋಗುವುದು ಈ 14,000 ಮಾತ್ರ, ಪರ್ಚೇಸ್‌ನವರ ರೇಟಿನ ಗಲಾಟೆ ಅವರ ತಲೆಗೆ ಬರುವುದಿಲ್ಲ. ಸ್ಟೋರ್ಸ್ ಲೆಡ್ಜರಿನಲ್ಲಿ ಕೆಜಿ ಬರೆದರೆ ಸಾಕು, ನನಗೆ ತಿಂಗಳಿಗೆ ಎರಡು ದಿನದ ಕೆಲಸ ಉಳಿಯಿತು.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆ. ಮಾರುಕಟ್ಟೆ ಏರಿತು ಅಂತ ಜನವರಿಯಲ್ಲಿ ಇನ್ನೊಂದು ದಪ್ಪದ ಶೀಟಿನ ಸ್ಟಾಂಡರ್ಡನ್ನು 4 ರೂಪಾಯಿ ಏರಿಸಿದೆ. ಕೈಯಲ್ಲಿದ್ದ ಸುಮಾರು 2,000 ಕೆಜಿಯ ಬೆಲೆ ಪುಸ್ತಕದಲ್ಲಿ 8,000 ಏರಿತು. ಅದನ್ನು ಬೆಲೆ ವೇರಿಯನ್ಸಿಗೆ ಕ್ರೆಡಿಟ್ ಹಾಕಿದ್ದಕ್ಕೆ ಆ ತಿಂಗಳು ಪರ್ಚೇಸ್‌ನವರು ಲಾಭ ಮಾಡಿದ ಹಾಗೆ ಕಂಡಿತು! ಈಗ ಅದಕ್ಕೆ ಬೇರೆ ಖಾತೆ ಇಟ್ಟಿದ್ದೇನೆ. ಹೊಸ ಸ್ಟಾಂಡರ್ಡ್ ಯಾವ ಲೆಕ್ಕದಲ್ಲಿ ಕಟ್ಟುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ಆಡಿಟರ ಪ್ರಶ್ನೆ ಮಾರ್ಚ್ 31ಕ್ಕೆ ಬಂತು, ಅದು ನ್ಯಾಯವಾದ ಪ್ರಶ್ನೆಯೇ. ದಾಸ್ತಾನಿನ ಬೆಲೆ ಕಟ್ಟುವ ಅಕೌಂಟಿಂಗ್ ನಿಯಮವಾದ ಎಎಸ್-2ರಲ್ಲಿ ಸ್ಟಾಂಡರ್ಡ್ ಕಾಸ್ಟಿಗೆ ಅವಕಾಶ ಇದೆ, ಆದರೆ ಅದು ನಿಜವಾದ ಖರ್ಚಿಗೆ ಹತ್ತಿರ ಇರಬೇಕು. ಆದ್ದರಿಂದ ವೇರಿಯನ್ಸ್ ಪೂರ್ತಿ ಲಾಭ ನಷ್ಟಕ್ಕೆ ಬಿಡಲಿಲ್ಲ. ಮೇಲಿನ ಲಾಟನ್ನೇ ತೆಗೆದುಕೊಂಡರೆ ಕೆಜಿಗೆ 1 ರೂಪಾಯಿ ನಷ್ಟ. ಸ್ಟೋರ್ಸ್‌ನಲ್ಲಿ ಉಳಿದದ್ದು 1,800 ಕೆಜಿ, ಮಾರಾಟವಾಗದ ಬ್ರಾಕೆಟ್‌ಗಳಲ್ಲಿ ಇನ್ನೊಂದು 500 ಕೆಜಿ. 2,300 ರೂಪಾಯಿಯನ್ನು 'ದಾಸ್ತಾನು ಹೊಂದಾಣಿಕೆ' ಅನ್ನುವ ಬೇರೆ ಖಾತೆಗೆ ಡೆಬಿಟ್ ಮಾಡಿ ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನಿನ ಜೊತೆ ತೋರಿಸಿದೆ. ಉಳಿದ 2,700 ಮಾರಿದ ಮಾಲಿನ ವೆಚ್ಚಕ್ಕೆ ಹೋಯಿತು. ಸ್ಟೋರ್ಸ್ ಲೆಡ್ಜರಿನ 70 ಮುಟ್ಟಲಿಲ್ಲ. ಏಪ್ರಿಲ್ 1ಕ್ಕೆ ಆ 2,300ನ್ನು ತಿರುಗಿಸಿ ಹಾಕಿದೆ. ಆಡಿಟರು ಕೆಜಿ ಲೆಕ್ಕದ ಹಾಳೆಯನ್ನು ಎರಡು ಸಲ ಕೂಡಿ ನೋಡಿ ಫೈಲಿಗೆ ಹಾಕಿಕೊಂಡರು.